ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ಬಿಟ್ಟುಹೋಗಿದೆಯಾ? ಹೊರಗುತ್ತಿಗೆ ನೌಕರರು ನೋಡಿಕೊಳ್ಳುವ ಬಗೆ

ದಾವಣಗೆರೆಯಲ್ಲಿ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳ ಸ್ವಚ್ಛತೆ ಮತ್ತು ಸೆಕ್ಯುರಿಟಿ ಕೆಲಸ ಹೆಚ್ಚಾಗಿ ಏಜೆನ್ಸಿಗಳ ಕೈಯಲ್ಲಿದೆ. ಕೆಲಸ ಮಾಡುವ ಜಾಗ ಒಂದು, ಸಂಬಳ ಕೊಡುವವರು ಇನ್ನೊಬ್ಬರು. ಈ ಕೆಲಸದಲ್ಲಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಸಂಬಳದಲ್ಲಿ ಪಿಎಫ್ ಹಿಡೀತಾರೆ, ಆದರೆ ಕಂಪನಿಯವರು ತಮ್ಮ ಪಾಲು ಕಟ್ಟುತ್ತಿದ್ದಾರೋ ಇಲ್ಲವೋ ಹೇಗೆ ಗೊತ್ತಾಗುತ್ತೆ?" ಚಿತ್ರದುರ್ಗ, ಚಳ್ಳಕೆರೆ ಕಡೆಯಿಂದಲೂ ಇದನ್ನೇ ಕೇಳುತ್ತಾರೆ. ಖಾತೆ ಚಾಲೂ ಮಾಡುವುದರಿಂದ ಹಿಡಿದು ದೂರು ಕೊಡುವವರೆಗೆ ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಕೈಯಲ್ಲಿ ಇರಬೇಕಾದ್ದು

ಯುಎಎನ್ ಬೇಕು. ಇದು ನಿಮ್ಮ ಪಿಎಫ್‌ಗೆ ಇರುವ 12 ಅಂಕಿಯ ಕಾಯಂ ಸಂಖ್ಯೆ. ಕೆಲಸ ಬದಲಾದರೂ ಇದು ಬದಲಾಗುವುದಿಲ್ಲ. ಸಂಬಳದ ಚೀಟಿಯಲ್ಲಿ ಇರುತ್ತದೆ, ಇಲ್ಲದಿದ್ದರೆ ಸೂಪರ್‌ವೈಸರ್ ಹತ್ತಿರ ಕೇಳಿ ಪಡೆಯಿರಿ. ಆಧಾರ್ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಇರುವ ಫೋನ್ ನಿಮ್ಮ ಹತ್ತಿರವೇ ಇರಬೇಕು. ಹಳೆಯ ಸಿಮ್ ಕಳೆದುಹೋಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿಕೊಳ್ಳಿ. ಅದಾಗದೆ ಮುಂದಿನ ಯಾವ ಹಂತವೂ ಸಾಗುವುದಿಲ್ಲ.

ಸಂಬಳದ ಚೀಟಿಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ತೆಗೆದಿಟ್ಟುಕೊಳ್ಳಿ. ಅವುಗಳ ಕೆಲಸ ಆಮೇಲೆ ಬರುತ್ತದೆ.

ಹಂತ 1: ಖಾತೆ ಚಾಲೂ ಮಾಡುವುದು

ಯುಎಎನ್ ಇದ್ದ ಮಾತ್ರಕ್ಕೆ ಖಾತೆ ತೆರೆದುಕೊಳ್ಳುವುದಿಲ್ಲ. ಅದನ್ನು ಒಮ್ಮೆ ಚಾಲೂ ಮಾಡಬೇಕು, ಅಂದರೆ ಆಕ್ಟಿವೇಟ್ ಮಾಡಬೇಕು.

ಈಗ ಸುಲಭದ ದಾರಿ ಸರ್ಕಾರದ ಉಮಂಗ್ ಆ್ಯಪ್. ಫೋನ್‌ನಲ್ಲಿ ಎರಡು ಆ್ಯಪ್ ಹಾಕಿಕೊಳ್ಳಿ. ಒಂದು UMANG, ಇನ್ನೊಂದು AadhaarFaceRD. ಎರಡನೆಯದು ನಿಮ್ಮ ಮುಖ ನೋಡಿ ಆಧಾರ್‌ನಲ್ಲಿರುವ ಫೋಟೋ ಜೊತೆ ಹೋಲಿಸುವ ಆ್ಯಪ್. ಉಮಂಗ್ ಒಳಗೆ EPFO, ಅಂದರೆ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಹುಡುಕಿ, UAN Activation ಒತ್ತಿ. ಯುಎಎನ್, ಆಧಾರ್ ಸಂಖ್ಯೆ, ಮೊಬೈಲ್ ನಂಬರ್ ಕೊಡಿ. ಫೋನ್‌ಗೆ ಬರುವ ಒಟಿಪಿ ಹಾಕಿ. ಆಮೇಲೆ ಕ್ಯಾಮೆರಾ ತೆರೆದುಕೊಳ್ಳುತ್ತದೆ. ಬೆಳಕಿಗೆ ಮುಖ ಮಾಡಿ ನಿಂತುಕೊಂಡು ಕಣ್ಣು ಮಿಟುಕಿಸಿದರೆ ಸಾಕು. ಬೆನ್ನ ಹಿಂದೆ ಕಿಟಕಿಯ ಬೆಳಕಿದ್ದರೆ ಮುಖ ಸಿಗದೆ ಮತ್ತೆ ಮತ್ತೆ ಕೇಳುತ್ತದೆ.

ಪಾಸ್‌ವರ್ಡ್ ಇಟ್ಟುಕೊಳ್ಳುವುದು, ವಿವರ ನೋಡುವುದು ಎಲ್ಲ ಸದಸ್ಯರ ಪೋರ್ಟಲ್‌ನಲ್ಲಿ. ಅದರ ವಿಳಾಸ ಇದು:

```
https://unifiedportal-mem.epfindia.gov.in
```

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ.

ಮೊದಲನೆಯದು ಹೆಸರು. ನಮ್ಮ ಕಡೆ ಇದು ಬಹಳ ಜಾಸ್ತಿ. ಆಧಾರ್‌ನಲ್ಲಿ Lakshmamma ಅಂತ ಇರುತ್ತದೆ, ಏಜೆನ್ಸಿಯವರು Laxmamma ಅಂತ ಹೊಡೆದಿರುತ್ತಾರೆ. ಒಂದು ಕಡೆ ಇನಿಶಿಯಲ್ ಹಿಂದೆ, ಇನ್ನೊಂದು ಕಡೆ ಮುಂದೆ. ಒಂದು ಕಡೆ Manjunath, ಇನ್ನೊಂದು ಕಡೆ Manjunatha. ಹುಟ್ಟಿದ ತಾರೀಖು ಕೂಡ ಹಾಗೆಯೇ, ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಹೀಗಿದ್ದರೆ ವಿವರ ಹೊಂದುತ್ತಿಲ್ಲ ಎಂದು ಬರುತ್ತದೆ. ಅದನ್ನೇ ಹತ್ತು ಸಲ ಹೊಡೆದು ಪ್ರಯೋಜನವಿಲ್ಲ. ಪಿಎಫ್ ದಾಖಲೆಯಲ್ಲಿ ಏನಿದೆ ಎಂದು ಏಜೆನ್ಸಿಯ ಆಫೀಸಿನಲ್ಲಿ ಕೇಳಿ, ಆಧಾರ್‌ನಲ್ಲಿ ಇರುವಂತೆ ಸರಿಪಡಿಸಲು ಹೇಳಿ. ಆಧಾರ್ ಜೋಡಣೆ ಆಗದ ಖಾತೆಯಲ್ಲಿ ಈ ತಿದ್ದುಪಡಿ ಅವರ ಕಡೆಯಿಂದಲೇ ಹೋಗಬೇಕು.

ಎರಡನೆಯದು ಸೈಬರ್ ಅಂಗಡಿ. ಅಲ್ಲಿ ಮಾಡಿಸುವುದು ತಪ್ಪಲ್ಲ. ಆದರೆ ಅಂಗಡಿಯವರು ಬೇಗ ಮುಗಿಯಲಿ ಎಂದು ತಮ್ಮದೇ ಫೋನ್ ನಂಬರ್ ಹಾಕಿ, ಪಾಸ್‌ವರ್ಡ್ ತಾವೇ ಇಟ್ಟುಬಿಡುವುದುಂಟು. ಆಮೇಲೆ ನಿಮ್ಮ ದುಡ್ಡಿನ ಒಟಿಪಿ ಅವರ ಫೋನ್‌ಗೆ ಹೋಗುತ್ತದೆ. ನಂಬರ್ ನಿಮ್ಮದೇ ಹಾಕಿಸಿ, ಪಾಸ್‌ವರ್ಡ್ ನೀವೇ ಹೊಡೆಯಿರಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಪಾಸ್‌ಬುಕ್ ತೆಗೆಯುವುದು

ಪಾಸ್‌ಬುಕ್‌ಗೆ ಬೇರೆ ವಿಳಾಸವಿದೆ. ಯುಎಎನ್, ಪಾಸ್‌ವರ್ಡ್ ಮಾತ್ರ ಅವೇ.

```
https://passbook.epfindia.gov.in
```

ಇವತ್ತೇ ಚಾಲೂ ಮಾಡಿ ಕೂಡಲೇ ಇಲ್ಲಿ ಬಂದರೆ ಒಳಗೆ ಬಿಡದಿರಬಹುದು. ಚಾಲೂ ಆಗಿ 6 ಗಂಟೆ ಕಳೆದ ಮೇಲೆ ಪಾಸ್‌ಬುಕ್ ಸಿಗುತ್ತದೆ. 2025 ರ ಸೆಪ್ಟೆಂಬರ್‌ನಿಂದ ಸದಸ್ಯರ ಪೋರ್ಟಲ್‌ನಲ್ಲೇ Passbook Lite ಎಂಬುದೂ ಇದೆ. ಆದರೆ ಅದು ಒಟ್ಟು ಲೆಕ್ಕವನ್ನಷ್ಟೇ ತೋರಿಸುತ್ತದೆ. ನಮಗೆ ತಿಂಗಳುವಾರು ಲೆಕ್ಕ ಬೇಕು, ಅಲ್ವಾ? ಹಾಗಾಗಿ ಪೂರ್ತಿ ಪಾಸ್‌ಬುಕ್ಕನ್ನೇ ತೆರೆದು ಪಿಡಿಎಫ್ ಇಳಿಸಿಕೊಳ್ಳಿ.

9966044425 ಗೆ ನಿಮ್ಮ ಫೋನ್‌ನಿಂದ ಮಿಸ್ಡ್ ಕಾಲ್ ಕೊಟ್ಟರೂ ಕೊನೆಯ ಕಂತು ಮತ್ತು ಬಾಕಿ ಎಷ್ಟೆಂದು ಮೆಸೇಜ್ ಬರುತ್ತದೆ. ದುಡ್ಡು ಇದೆಯೋ ಇಲ್ಲವೋ ನೋಡಲು ಅದು ಸಾಕು. ಯಾವ ತಿಂಗಳು ಬಿಟ್ಟಿದೆ ಎಂದು ತಿಳಿಯಲು ಸಾಲದು.

ಕೆಲವು ದೊಡ್ಡ ಕಂಪನಿಗಳು ಪಿಎಫ್ ಹಣವನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟಿರುತ್ತವೆ. ಅಲ್ಲಿನ ನೌಕರರು ಪಿಎಫ್ ಲೆಕ್ಕವನ್ನು ಕಂಪನಿಯ ಟ್ರಸ್ಟ್‌ನಲ್ಲೇ ಕೇಳಬೇಕು, ಈ ಪಾಸ್‌ಬುಕ್‌ನಲ್ಲಿ ಅದು ಸಿಗುವುದಿಲ್ಲ.

ಹಂತ 3: ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕುವುದು

ಹೆಚ್ಚಿನವರು ಗಾಬರಿಯಾಗುವುದು ಇಲ್ಲಿಯೇ. ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಡಿದುಕೊಂಡು ಹೋಗೋಣ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಏಜೆನ್ಸಿ ಮೂಲಕ ಸ್ವಚ್ಛತೆ ಕೆಲಸ ಮಾಡುವ ಒಬ್ಬ ಅಕ್ಕ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ.

ಅವರ ಸಂಬಳದಿಂದ ನೂರಕ್ಕೆ 12 ರಂತೆ 1,680 ರೂಪಾಯಿ ಹಿಡಿಯುತ್ತಾರೆ. ಕಂಪನಿಯವರೂ ಅಷ್ಟೇ, 1,680 ಕಟ್ಟಬೇಕು. ಆದರೆ ಪಾಸ್‌ಬುಕ್‌ನ Employer Share ಕಾಲಂನಲ್ಲಿ ಅವರಿಗೆ ಕಂಡಿದ್ದು 514 ಮಾತ್ರ. "ನನ್ನ ದುಡ್ಡು ಪೂರ್ತಿ ಹೋಗಿದೆ, ಕಂಪನಿಯವರು ಮೂರನೇ ಒಂದು ಪಾಲು ಕೂಡ ಕಟ್ಟಿಲ್ಲ" ಎಂದು ಅವರು ಅಂದುಕೊಂಡಿದ್ದರು.

ಹಾಗಲ್ಲ. ಕಂಪನಿಯ ಪಾಲು ಎರಡು ಕಡೆ ಒಡೆದು ಹೋಗುತ್ತದೆ. ಅದರಲ್ಲಿ ವೇತನದ ನೂರಕ್ಕೆ 8.33 ಭಾಗ ಪಿಂಚಣಿ ಯೋಜನೆಗೆ ಹೋಗುತ್ತದೆ. 14,000 ಕ್ಕೆ ಅದು 1,166 ರೂಪಾಯಿ. ಇದು Pension Contribution ಎಂಬ ಬೇರೆ ಕಾಲಂನಲ್ಲಿರುತ್ತದೆ. ಉಳಿದ 514 ಮಾತ್ರ ಕಂಪನಿಯ ಪಾಲಿನ ಕಾಲಂಗೆ ಬರುತ್ತದೆ. ಎರಡನ್ನೂ ಕೂಡಿದರೆ 1,680 ಸರಿಯಾಗುತ್ತದೆ. ಹಾಗಾಗಿ ಯಾವಾಗಲೂ ಕೊನೆಯ ಎರಡು ಕಾಲಂ ಕೂಡಿ, ನಿಮ್ಮ ಪಾಲಿಗೆ ಸಮ ಬರುತ್ತದೆಯಾ ನೋಡಿ.

ಪಿಂಚಣಿಗೆ ಲೆಕ್ಕ ಹಿಡಿಯುವ ವೇತನಕ್ಕೆ 15,000 ರೂಪಾಯಿ ಮಿತಿಯಿದೆ. ಅಂದರೆ ಸಂಬಳ ಎಷ್ಟೇ ಇದ್ದರೂ ಆ ಕಾಲಂನಲ್ಲಿ ಸಾಮಾನ್ಯವಾಗಿ ತಿಂಗಳಿಗೆ 1,250 ಕ್ಕಿಂತ ಹೆಚ್ಚು ಬರುವುದಿಲ್ಲ. 58 ವರ್ಷ ದಾಟಿದವರಿಗೆ ಪಿಂಚಣಿ ಕಾಲಂ ಸೊನ್ನೆ ಇರುತ್ತದೆ, ಪೂರ್ತಿ 12 ಭಾಗ ಕಂಪನಿಯ ಕಾಲಂಗೇ ಬರುತ್ತದೆ. 2014 ರ ಸೆಪ್ಟೆಂಬರ್ ಆದಮೇಲೆ 15,000 ಕ್ಕಿಂತ ಹೆಚ್ಚು ವೇತನದಲ್ಲಿ ಮೊದಲ ಸಲ ಪಿಎಫ್‌ಗೆ ಸೇರಿದವರಿಗೂ ಹಾಗೆಯೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನೌಕರರ ಪಾಲು, ಕಂಪನಿಯ ಪಾಲು ಸಾಮಾನ್ಯವಾಗಿ ಒಂದೇ ಚಲನ್‌ನಲ್ಲಿ ಹೋಗುತ್ತವೆ. ಆದ್ದರಿಂದ "ನನ್ನದು ಬಂದಿದೆ, ಅವರದು ಮಾತ್ರ ಬಂದಿಲ್ಲ" ಎನ್ನುವುದು ಅಪರೂಪ. ಮೋಸ ಆಗುವುದಿದ್ದರೆ ಎರಡು ರೀತಿ. ಒಂದೋ ಇಡೀ ತಿಂಗಳೇ ಇರುವುದಿಲ್ಲ. ಇಲ್ಲವೋ ವೇತನವನ್ನೇ ಕಡಿಮೆ ತೋರಿಸಿರುತ್ತಾರೆ. ಎರಡನೆಯದನ್ನು ಹಿಡಿಯಲು EPF ವೇತನದ ಕಾಲಂ ನೋಡಿ. ನಿಮ್ಮ ಚೀಟಿಯಲ್ಲಿ 14,000 ಇದ್ದು ಅಲ್ಲಿ 10,000 ಇದ್ದರೆ, ನಿಮ್ಮಿಂದ 1,680 ಹಿಡಿದು ಕಟ್ಟಿದ್ದು 1,200 ಮಾತ್ರ. ಎರಡು ಪಾಲೂ ಸೇರಿ ತಿಂಗಳಿಗೆ 960 ರೂಪಾಯಿ ಕಡಿಮೆ ಬಿದ್ದಂತಾಯಿತು.

ಸಂಬಳದ ಚೀಟಿಯನ್ನೇ ಕೊಡುವುದಿಲ್ಲವೇ? ಬ್ಯಾಂಕ್‌ಗೆ ಬಂದ ಹಣದಿಂದಲೂ ತಿಳಿಯಬಹುದು. ನಮ್ಮ ಉದಾಹರಣೆಯಲ್ಲಿ 14,000 ದಲ್ಲಿ ಪಿಎಫ್ 1,680, ಇಎಸ್‌ಐ ನೂರಕ್ಕೆ 0.75 ರಂತೆ 105 ಹೋದರೆ ಕೈಗೆ 12,215 ಬರಬೇಕು. ಪೂರ್ತಿ ಹಾಜರಿ ಇದ್ದ ತಿಂಗಳು ಖಾತೆಗೆ 12,215 ಬಿದ್ದಿದ್ದರೆ ಪಿಎಫ್ ಹಿಡಿದಿದ್ದಾರೆ ಎನ್ನುವುದಕ್ಕೆ ಅದು ಒಳ್ಳೆಯ ಗುರುತು.

ಹಂತ 4: ಬಿಟ್ಟಿದೆ ಎನ್ನುವ ಮೊದಲು ಎರಡು ಕಡೆ ನೋಡುವುದು

ಆ ಅಕ್ಕ ಡಿಸೆಂಬರ್ 2025 ರ ಕೊನೆಯಲ್ಲಿ ಪಾಸ್‌ಬುಕ್ ತೆಗೆಸಿದಾಗ ಕೊನೆಯ ಸಾಲು ಜುಲೈ ಸಂಬಳದ್ದಾಗಿತ್ತು. ನಾಲ್ಕು ತಿಂಗಳ ದುಡ್ಡು ಹೋಯಿತು ಎಂದು ಕಣ್ಣೀರು ಹಾಕಿಕೊಂಡಿದ್ದರು. ನಿಜಕ್ಕೂ ಬಿಟ್ಟುಹೋಗಿದ್ದು ಎರಡು ತಿಂಗಳದ್ದು.

ಮೊದಲ ಗೊಂದಲ ಮೆಂಬರ್ ಐಡಿಯದು. ಯುಎಎನ್ ಒಂದೇ ಇದ್ದರೂ ಪ್ರತಿ ಏಜೆನ್ಸಿಯಲ್ಲಿ ನಿಮಗೆ ಬೇರೆ ಮೆಂಬರ್ ಐಡಿ ಕೊಡುತ್ತಾರೆ. ಆಸ್ಪತ್ರೆ ಅದೇ, ಕೆಲಸ ಅದೇ, ಸೀರೆಯ ಬಣ್ಣ ಕೂಡ ಅದೇ. ಆದರೆ ಆಗಸ್ಟ್‌ನಿಂದ ಟೆಂಡರ್ ಬೇರೆ ಏಜೆನ್ಸಿಗೆ ಹೋಗಿತ್ತು. ಪಾಸ್‌ಬುಕ್ ಪುಟದಲ್ಲಿ ಎರಡು ಮೆಂಬರ್ ಐಡಿ ಇದ್ದವು, ಸೈಬರ್ ಅಂಗಡಿಯವರು ಹಳೆಯದನ್ನು ಮಾತ್ರ ತೆರೆದಿದ್ದರು. ಹೊಸದನ್ನು ತೆರೆದಾಗ ಆಗಸ್ಟ್ ಮತ್ತು ನವೆಂಬರ್ ಸಂಬಳದ ಸಾಲುಗಳು ಸಿಕ್ಕವು. ಹಾಗಾಗಿ ಪಟ್ಟಿಯಲ್ಲಿರುವ ಪ್ರತಿ ಐಡಿಯನ್ನೂ ತೆರೆದು ನೋಡಿ. ಹೊಸ ಏಜೆನ್ಸಿಯ ಐಡಿ ಕಾಣಿಸದೇ ಇದ್ದರೆ ಅವರು ನಿಮಗೆ ಇನ್ನೊಂದು ಯುಎಎನ್ ಮಾಡಿಸಿಬಿಟ್ಟಿರಬಹುದು. ಚೀಟಿಯಲ್ಲಿರುವ ನಂಬರ್ ಹಳೆಯದೇ ತಾನೇ ಎಂದು ತಾಳೆ ನೋಡಿ.

ಎರಡನೆಯ ಗೊಂದಲ ತಿಂಗಳ ಹೆಸರು. ಒಂದು ತಿಂಗಳ ಸಂಬಳದ ಪಿಎಫ್ ಕಟ್ಟಲು ಮುಂದಿನ ತಿಂಗಳ 15 ನೇ ತಾರೀಖಿನವರೆಗೆ ಗಡುವಿದೆ. ಪಾಸ್‌ಬುಕ್‌ನ ಸಾಲಿನಲ್ಲಿ ಎರಡು ತಿಂಗಳೂ ಕಾಣುತ್ತವೆ. ನವೆಂಬರ್ ಸಂಬಳದ ಸಾಲಿನ ವಿವರದಲ್ಲಿ ಹೀಗಿರುತ್ತದೆ:

```
Cont. For Due-Month 122025
```

122025 ಎಂದರೆ ಡಿಸೆಂಬರ್‌ನಲ್ಲಿ ಕಟ್ಟಬೇಕಾದದ್ದು, ಅಂದರೆ ನವೆಂಬರ್‌ನಲ್ಲಿ ದುಡಿದ ಸಂಬಳದ್ದು. ನೀವು Wage Month ಕಾಲಂ ಅನ್ನೇ ಹಿಡಿದು ಎಣಿಸಿ. ವರ್ಷದ ಲೆಕ್ಕವೂ ಹೀಗೇ ಒಂದು ತಿಂಗಳು ಸರಿದಿರುತ್ತದೆ. 2025-26 ರ ಪಾಸ್‌ಬುಕ್ ಶುರುವಾಗುವುದು ಮಾರ್ಚ್ 2025 ರ ಸಂಬಳದಿಂದ, ಏಕೆಂದರೆ ಅದನ್ನು ಕಟ್ಟುವುದು ಏಪ್ರಿಲ್‌ನಲ್ಲಿ. ಈ ತಿಂಗಳ 10 ನೇ ತಾರೀಖಿಗೆ ಪಾಸ್‌ಬುಕ್ ತೆರೆದು ಹೋದ ತಿಂಗಳದ್ದು ಬಂದಿಲ್ಲ ಎಂದು ಜಗಳ ತೆಗೆಯಬೇಡಿ. 20 ನೇ ತಾರೀಖು ಕಳೆದ ಮೇಲೆ ನೋಡುವುದು ಒಳ್ಳೆಯದು.

ಬಡ್ಡಿ ಬಂದಿಲ್ಲ ಎನ್ನುವುದು ಬೇರೆ ವಿಷಯ. ಅದು ವರ್ಷಕ್ಕೊಮ್ಮೆ, ಇಲಾಖೆಯೇ ಹಾಕುತ್ತದೆ. ಅದಕ್ಕೂ ಏಜೆನ್ಸಿಗೂ ಸಂಬಂಧವಿಲ್ಲ.

ಇದೆಲ್ಲ ಕಳೆದು ಆ ಅಕ್ಕನಿಗೆ ನಿಜವಾಗಿ ಬರದೆ ಉಳಿದದ್ದು ಸೆಪ್ಟೆಂಬರ್, ಅಕ್ಟೋಬರ್. ಎರಡು ತಿಂಗಳೂ ಬ್ಯಾಂಕ್‌ಗೆ 12,215 ರಂತೆಯೇ ಬಂದಿತ್ತು. ಅಂದರೆ ಅವರಿಂದ ಹಿಡಿದ 3,360 ಮತ್ತು ಕಂಪನಿಯ 3,360, ಒಟ್ಟು 6,720 ರೂಪಾಯಿ ಖಾತೆಗೆ ಬಂದಿರಲಿಲ್ಲ.

ಹಂತ 5: ಏಜೆನ್ಸಿ ಆ ತಿಂಗಳು ಕಟ್ಟಿದೆಯಾ ಎಂದು ನೋಡುವುದು

ಇದು ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ, ಆದರೆ ಬಹಳ ಉಪಯೋಗದ್ದು. ಯಾವ ಸಂಸ್ಥೆ ಯಾವ ತಿಂಗಳು ಎಷ್ಟು ಪಿಎಫ್ ಕಟ್ಟಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡ್ ಬೇಡ. ಇಪಿಎಫ್‌ಒ ಸೈಟ್‌ನಲ್ಲಿ Establishment Search ಎಂಬ ಪುಟ ತೆರೆಯಿರಿ. ಏಜೆನ್ಸಿಯ ಹೆಸರು ಅಥವಾ ಕೋಡ್ ಹಾಕಿ. ಒಂದೇ ಹೆಸರಿನ ಸಂಸ್ಥೆಗಳು ಬಹಳ ಇರುವುದರಿಂದ ಕೋಡ್ ಹಾಕುವುದೇ ಮೇಲು. ಅದು ನಿಮ್ಮ ಮೆಂಬರ್ ಐಡಿಯಲ್ಲೇ ಇದೆ. ಮೊದಲ ಐದು ಅಕ್ಷರ ಬಿಟ್ಟು ಬರುವ ಏಳು ಅಂಕಿಗಳೇ ಸಂಸ್ಥೆಯ ಕೋಡ್.

ಸಂಸ್ಥೆ ಸಿಕ್ಕ ಮೇಲೆ ಪಾವತಿ ವಿವರ ತೆರೆದರೆ ತಿಂಗಳು, ಕಟ್ಟಿದ ತಾರೀಖು, ಮೊತ್ತ, ಎಷ್ಟು ನೌಕರರದ್ದು ಎಂಬ ಸಂಖ್ಯೆ ಕಾಣುತ್ತವೆ. ನೌಕರರ ಸಂಖ್ಯೆಯ ಮೇಲೆ ಒತ್ತಿದರೆ ಹೆಸರುಗಳ ಪಟ್ಟಿ ಬರುತ್ತದೆ.

ಇಲ್ಲಿ ಏನು ಕಾಣುತ್ತದೆ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಆ ತಿಂಗಳ ಪಾವತಿಯೇ ಇಲ್ಲದಿದ್ದರೆ ಎಲ್ಲರದ್ದೂ ಬಾಕಿ ಇದೆ ಎಂದರ್ಥ, ಜೊತೆಗೆ ದುಡಿಯುವವರೆಲ್ಲ ಸೇರಿ ಕೇಳಬಹುದು. ಪಾವತಿ ಇದೆ, ಪಟ್ಟಿಯಲ್ಲಿ ನಿಮ್ಮ ಹೆಸರೂ ಇದೆ, ಆದರೆ ಪಾಸ್‌ಬುಕ್‌ನಲ್ಲಿ ಬಂದಿಲ್ಲ ಎಂದರೆ ಕೆಲವು ದಿನ ಕಾಯಿರಿ, ಇಲ್ಲವೇ ಬೇರೆ ಮೆಂಬರ್ ಐಡಿಗೆ ಹೋಗಿದೆಯಾ ನೋಡಿ. ಆ ಅಕ್ಕನ ವಿಷಯದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎರಡಕ್ಕೂ ಪಾವತಿ ಇತ್ತು. ಪಟ್ಟಿಯಲ್ಲಿ ಅವರ ಹೆಸರು ಮಾತ್ರ ಇರಲಿಲ್ಲ, ಅವರ ಜೊತೆಗೆ ಇನ್ನೂ ಕೆಲವರದ್ದು ಇರಲಿಲ್ಲ. ಆ ಪುಟಗಳನ್ನು ಪ್ರಿಂಟ್ ತೆಗೆಸಿಟ್ಟುಕೊಂಡರು. "ನಾವು ಎಲ್ಲರದ್ದೂ ಕಟ್ಟಿದ್ದೇವೆ, ಪಿಎಫ್ ಆಫೀಸಿನಲ್ಲೇ ತಡವಾಗಿದೆ" ಎಂಬ ಉತ್ತರಕ್ಕೆ ಈ ಕಾಗದ ಸಾಕು.

ಹಂತ 6: ಬರೆದು ಕೇಳುವುದು

ಮೊದಲು ಏಜೆನ್ಸಿಗೆ ಬರೆಯಿರಿ. ಬಾಯಿಮಾತಿನಲ್ಲಿ ಬೇಡ. ವಾಟ್ಸಾಪ್ ಅಥವಾ ಇಮೇಲ್ ಆದರೂ ಸರಿ, ದಾಖಲೆ ಉಳಿಯುತ್ತದೆ. ಯುಎಎನ್, ಮೆಂಬರ್ ಐಡಿ, ಯಾವ ಯಾವ ತಿಂಗಳ ಸಂಬಳ, ಎಷ್ಟು ಹಿಡಿದಿದ್ದಾರೆ, ಇಷ್ಟೇ ಬರೆದರೆ ಸಾಕು. ಹೆಸರು ಬಿಟ್ಟುಹೋಗಿದ್ದರೆ ಅವರು ಆ ತಿಂಗಳಿಗೆ ಬಿಟ್ಟವರದ್ದನ್ನು ಸೇರಿಸಿ ಕಟ್ಟಬಹುದು. ತಡವಾಗಿ ಕಟ್ಟಿದ್ದಕ್ಕೆ ಬಡ್ಡಿ, ದಂಡ ಬೀಳುತ್ತದೆ. ಅದು ಅವರ ಹೊರೆ, ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ.

ಅದರ ಪ್ರತಿಯನ್ನು ಆಸ್ಪತ್ರೆಯ ಆಡಳಿತ ಕಚೇರಿಗೂ ಕೊಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯನ್ನು ಕಾನೂನು ಮುಖ್ಯ ಮಾಲೀಕ ಎನ್ನುತ್ತದೆ. ಗುತ್ತಿಗೆದಾರ ತನ್ನ ನೌಕರರ ಪಿಎಫ್ ಕಟ್ಟದಿದ್ದರೆ ಅದನ್ನು ಕಟ್ಟಿಸುವ ಹೊಣೆ ಮುಖ್ಯ ಮಾಲೀಕನ ಮೇಲೂ ಇದೆ. ಏಜೆನ್ಸಿಗೆ ಬಿಲ್ ಪಾಸ್ ಮಾಡುವವರು ಅವರೇ. ಅವರು ಚಲನ್ ಮತ್ತು ಹೆಸರಿನ ಪಟ್ಟಿ ತೋರಿಸಿ ಎಂದು ಕೇಳಿದರೆ ಏಜೆನ್ಸಿಯವರು ಬೇಗ ಅಲುಗಾಡುತ್ತಾರೆ. ಆ ಅಕ್ಕ ಮತ್ತು ಅವರ ಜೊತೆಗಾರರ ಕೆಲಸ ಆಗಿದ್ದು ಈ ದಾರಿಯಲ್ಲೇ.

ಹಂತ 7: ದೂರು ದಾಖಲಿಸುವುದು

15 ದಿನ ಕಳೆದರೂ ಉತ್ತರ ಬರದಿದ್ದರೆ ಇಪಿಎಫ್‌ಒ ದೂರಿನ ಸೈಟ್‌ಗೆ ಹೋಗಿ.

```
https://epfigms.gov.in
```

Register Grievance ಒತ್ತಿ, PF Member ಆರಿಸಿ. ಯುಎಎನ್ ಹಾಕಿದರೆ ಒಟಿಪಿ ಬರುತ್ತದೆ. ಆಮೇಲೆ ನಿಮ್ಮ ಮೆಂಬರ್ ಐಡಿಗಳ ಪಟ್ಟಿ ಬರುತ್ತದೆ. ಇಲ್ಲಿ ಹುಷಾರಾಗಿರಿ. ಬಾಕಿ ಇಟ್ಟಿರುವ ಏಜೆನ್ಸಿಯ ಐಡಿಯನ್ನೇ ಆರಿಸಬೇಕು. ಹಳೆಯ ಏಜೆನ್ಸಿಯದನ್ನು ಒತ್ತಿದರೆ ದೂರು ಬೇರೆ ಕಚೇರಿಗೆ ಹೋಗಿ, "ಈ ಸಂಸ್ಥೆಯಿಂದ ಬಾಕಿ ಇಲ್ಲ" ಎಂದು ಮುಚ್ಚಿಬಿಡುತ್ತದೆ.

ವಿವರವನ್ನು ಚಿಕ್ಕದಾಗಿ ಬರೆಯಿರಿ. "2025 ರ ಸೆಪ್ಟೆಂಬರ್, ಅಕ್ಟೋಬರ್ ಸಂಬಳದಿಂದ ತಿಂಗಳಿಗೆ 1,680 ರೂ. ಪಿಎಫ್ ಹಿಡಿಯಲಾಗಿದೆ. ಪಾಸ್‌ಬುಕ್‌ನಲ್ಲಿ ಈ ಎರಡು ತಿಂಗಳು ಇಲ್ಲ. ಸಂಸ್ಥೆಯ ಪಾವತಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ." ಇಷ್ಟು ಸಾಕು. ಪಾಸ್‌ಬುಕ್, ಸಂಬಳದ ಚೀಟಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್, ಏಜೆನ್ಸಿಗೆ ಬರೆದ ಪತ್ರ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಸೇರಿಸಿ. ದೂರಿನ ನಂಬರ್ ಮೆಸೇಜ್‌ನಲ್ಲಿ ಬರುತ್ತದೆ, ಅಳಿಸಬೇಡಿ.

ದೂರು ಯಾವ ಕಚೇರಿಗೆ ಹೋಗುತ್ತದೆ ಎನ್ನುವುದು ನೀವು ಎಲ್ಲಿ ಕೆಲಸ ಮಾಡುತ್ತೀರಿ ಎನ್ನುವುದರಿಂದ ತೀರ್ಮಾನ ಆಗುವುದಿಲ್ಲ, ಏಜೆನ್ಸಿ ಎಲ್ಲಿ ನೋಂದಣಿಯಾಗಿದೆ ಎನ್ನುವುದರಿಂದ ಆಗುತ್ತದೆ. ಮೆಂಬರ್ ಐಡಿ BGBNG ಎಂದು ಶುರುವಾದರೆ ಆ ಕಡತ ಬೆಂಗಳೂರಿನದು. ಇದು ಗೊತ್ತಿಲ್ಲದೆ ಸುಮ್ನೆ ಹತ್ತಿರದ ಊರಿನ ಪಿಎಫ್ ಕಚೇರಿಗೆ ಬಸ್ ಹತ್ತಿ, ದಿನಗೂಲಿ ಕಳೆದುಕೊಂಡು ಬರಿಗೈಯಲ್ಲಿ ಬಂದವರಿದ್ದಾರೆ.

ಎದುರಿಗೆ ಕೂತು ಮಾತಾಡಬೇಕು ಎನ್ನುವವರಿಗೆ ಪ್ರತಿ ತಿಂಗಳ 27 ರಂದು ಪ್ರತಿ ಜಿಲ್ಲೆಯಲ್ಲಿ ಇಪಿಎಫ್‌ಒ ನಡೆಸುವ "ನಿಧಿ ಆಪ್ಕೆ ನಿಕಟ್" ಶಿಬಿರವಿದೆ. ದಾವಣಗೆರೆಗೂ ಚಿತ್ರದುರ್ಗಕ್ಕೂ ಬೇರೆ ಬೇರೆ ಶಿಬಿರ. 27 ರಜಾದಿನವಾದರೆ ಮುಂದಿನ ಕೆಲಸದ ದಿನ. ಜಾಗ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ, 14470 ಕ್ಕೆ ಫೋನ್ ಮಾಡಿ ಕೇಳಬಹುದು. ದೂರಿನ ನಂಬರ್ ಮತ್ತು ಕಾಗದಗಳ ಎರಡು ಪ್ರತಿ ಹಿಡಿದು ಹೋಗಿ, ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ.

"ಕಟ್ಟಿದ್ದೇವೆ" ಎಂಬ ಉತ್ತರ ಬಂದ ದಿನವೇ ದೂರು ಮುಗಿಯಿತು ಎಂದುಕೊಳ್ಳಬೇಡಿ. ಪಾಸ್‌ಬುಕ್ ಮತ್ತೆ ತೆರೆಯಿರಿ. ತಡವಾಗಿ ಕಟ್ಟಿದ ಹಣದ ತಾರೀಖು ಹೊಸದಿದ್ದರೂ Wage Month ಕಾಲಂನಲ್ಲಿ ಹಳೆಯ ತಿಂಗಳೇ ಇರಬೇಕು. ಮೂರು ಕಾಲಂ ನೋಡಿ: 1,680, 514, 1,166. ಪಿಂಚಣಿಯ 1,166 ಬಂದಿದೆಯಾ ಎನ್ನುವುದನ್ನು ಮಾತ್ರ ಮರೆಯದೆ ನೋಡಿ. ಆ ತಿಂಗಳು ಪಿಂಚಣಿಯ ಸೇವೆಗೆ ಎಣಿಕೆಯಾಗುವುದು ಅದರಿಂದಲೇ.